ಎರಡು ಬಿಟ್ ಕಂಪ್ಯಾರೇಟರ್: ಆರು ಐಸಿಯಿಂದ ಮೂರು ಐಸಿಗೆ

ತಮ್ಮನ ಮಗಳು ಕಾರವಾರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾಳೆ. ಕಳೆದ ದೀಪಾವಳಿಗೆ ಶಿರಸಿಗೆ ಬಂದವಳು ಬ್ಯಾಗಿನಿಂದ ಬಟ್ಟೆ ತೆಗೆಯುವ ಮೊದಲು ಬ್ರೆಡ್‌ಬೋರ್ಡ್ ತೆಗೆದಳು. ಅದರ ಮೇಲೆ ಆರು ಐಸಿ, ಸೇವಿಗೆ ಸುರಿದ ಹಾಗೆ ವೈರು. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸು ಕುಲುಕಿ ಅರ್ಧ ವೈರು ಕಿತ್ತು ಬಂದಿತ್ತು. "ದೊಡ್ಡಪ್ಪ, ಎರಡು ಸಣ್ಣ ಸಂಖ್ಯೆ ಹೋಲಿಸೋಕೆ ಆರು ಐಸಿ ಎಂತಕ್ಕೆ ಬೇಕು?" ಅಂದಳು. ಒಳ್ಳೆ ಪ್ರಶ್ನೆ. ಮೂರು ಸಾಕು. ಆ ಎರಡು ದಿನ ಪಂಪ್ ಸ್ಟಾರ್ಟರ್ ರಿಪೇರಿ ಬದಿಗಿಟ್ಟು ನಾವಿಬ್ಬರೂ ಕೂತು ಆರನ್ನು ಮೂರಕ್ಕೆ ಇಳಿಸಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೈಯಲ್ಲೊಂದು ಉದಾಹರಣೆ ಇದ್ದರೆ ಅನುಕೂಲ. ನಮ್ಮ ಮನೆಯ ಮಾಳಿಗೆ ಮೇಲಿನ ನೀರಿನ ಟ್ಯಾಂಕನ್ನೇ ತೆಗೆದುಕೊಂಡೆವು. ನೀರಿನ ಮಟ್ಟಕ್ಕೆ ನಾಲ್ಕು ಹಂತ: 0, 1, 2, 3. ನಮಗೆ ಬೇಕಾದ ಮಟ್ಟ A, ಈಗ ಇರುವ ಮಟ್ಟ B. A ದೊಡ್ಡದಾದರೆ ನೀರು ಸಾಲದು ಎಂದರ್ಥ. ಎರಡೂ ಸಂಖ್ಯೆಗೆ ಎರಡೆರಡು ಬಿಟ್. A1, B1 ಮೇಲಿನ ಬಿಟ್‌ಗಳು, ಅವುಗಳ ಬೆಲೆ ಎರಡು. A0, B0 ಕೆಳಗಿನವು, ಅವುಗಳ ಬೆಲೆ ಒಂದು. ಹೊರಗೆ ಬರಬೇಕಾದ ಉತ್ತರ ಮೂರು: A ದೊಡ್ಡದಾದರೆ G, ಸಮವಾದರೆ E, ಚಿಕ್ಕದಾದರೆ L.

## ಟ್ರೂತ್ ಟೇಬಲ್

ನಾಲ್ಕು ಇನ್‌ಪುಟ್ ಇರುವುದರಿಂದ ಹದಿನಾರು ಸಾಲು. ಇದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಪ್ರತಿ ಸಾಲಿನಲ್ಲೂ ಎರಡು ಸಂಖ್ಯೆಯನ್ನು ಓದಿ, ಯಾವುದು ದೊಡ್ಡದು ಎಂದು ಬರೆದರೆ ಮುಗಿಯಿತು.

```
A1 A0  B1 B0   G E L
0  0   0  0    0 1 0
0  0   0  1    0 0 1
0  0   1  0    0 0 1
0  0   1  1    0 0 1
0  1   0  0    1 0 0
0  1   0  1    0 1 0
0  1   1  0    0 0 1
0  1   1  1    0 0 1
1  0   0  0    1 0 0
1  0   0  1    1 0 0
1  0   1  0    0 1 0
1  0   1  1    0 0 1
1  1   0  0    1 0 0
1  1   0  1    1 0 0
1  1   1  0    1 0 0
1  1   1  1    0 1 0
```

ಬರೆದಾದ ಮೇಲೆ ಎಣಿಸಿ ನೋಡಬೇಕು. G ಕೆಳಗೆ ಆರು ಒಂದು, L ಕೆಳಗೆ ಆರು, E ಕೆಳಗೆ ನಾಲ್ಕು. ಒಟ್ಟು ಹದಿನಾರು. ಪ್ರತಿ ಸಾಲಿನಲ್ಲಿ ಒಂದೇ ಒಂದು 1 ಇರಬೇಕು. G ಮತ್ತು L ಲೆಕ್ಕ ಸಮ ಬರದಿದ್ದರೆ ಎಲ್ಲೋ ತಪ್ಪಿದೆ, ಏಕೆಂದರೆ A, B ಗಳನ್ನು ಅದಲುಬದಲು ಮಾಡಿದರೆ G ಇದ್ದದ್ದು L ಆಗುತ್ತದೆ, ಅಷ್ಟೇ. ಈ ಅದಲುಬದಲಿನ ಗುಣ ಮುಂದೆ ಅರ್ಧ ಕೆಲಸ ಉಳಿಸುತ್ತದೆ. G ಗೆ ಸರ್ಕ್ಯೂಟ್ ಸಿಕ್ಕಿದರೆ, ಅದರಲ್ಲಿ A ಇದ್ದಲ್ಲಿ B, B ಇದ್ದಲ್ಲಿ A ಬರೆದರೆ L ಸಿಗುತ್ತದೆ.

## ಕೆ-ಮ್ಯಾಪ್‌ನಲ್ಲಿ ಅಂಚು ಮರೆಯಬೇಡಿ

G ಯ ಆರು ಒಂದುಗಳನ್ನು ಕಾರ್ನೋ ನಕ್ಷೆಯಲ್ಲಿ ಇಟ್ಟರೆ ಹೀಗೆ ಕಾಣುತ್ತದೆ. ಅಡ್ಡ ಸಾಲಿಗೂ ಕಂಬ ಸಾಲಿಗೂ 00, 01, 11, 10 ಎಂಬ ಕ್ರಮ. 11 ಮೊದಲು, 10 ಆಮೇಲೆ. ಪಕ್ಕಪಕ್ಕದ ಮನೆಗಳ ನಡುವೆ ಒಂದೇ ಬಿಟ್ ಬದಲಾಗಬೇಕು ಎಂಬುದಕ್ಕೇ ಈ ಕ್ರಮ.

```
          B1B0
A1A0    00  01  11  10
 00      0   0   0   0
 01      1   0   0   0
 11      1   1   0   1
 10      1   1   0   0
```

ಎಡಗಡೆ ಕೆಳಗೆ ನಾಲ್ಕರ ಚೌಕ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ A1 ಯಾವಾಗಲೂ 1, B1 ಯಾವಾಗಲೂ 0, ಉಳಿದೆರಡು ಏನು ಬೇಕಾದರೂ ಆಗಬಹುದು. ಅದು `A1·B1'`. ಮೊದಲ ಕಂಬದಲ್ಲಿ 01 ಮತ್ತು 11 ಸಾಲುಗಳ ಜೋಡಿ `A0·B1'·B0'`. ಉಳಿದದ್ದು 11 ಸಾಲಿನ ಬಲತುದಿಯ ಒಂಟಿ 1. ಅದು ನಿಜವಾಗಿ ಒಂಟಿಯಲ್ಲ. ನಕ್ಷೆಯ ಎಡ ಅಂಚು ಬಲ ಅಂಚಿಗೆ ಸುತ್ತಿ ಸೇರುತ್ತದೆ, ಆದ್ದರಿಂದ ಅದೇ ಸಾಲಿನ ಎಡತುದಿಯ 1 ಅದರ ನೆರೆಮನೆ. ಆ ಜೋಡಿ `A1·A0·B0'`. ಹುಡುಗಿಯ ನೋಟ್‌ಬುಕ್ಕಿನಲ್ಲಿ ಇದೊಂದನ್ನು ಒಂಟಿಯಾಗಿ ಸುತ್ತಿ `A1·A0·B1·B0'` ಎಂದು ನಾಲ್ಕು ಅಕ್ಷರ ಬರೆದಿತ್ತು. ಉತ್ತರ ತಪ್ಪಲ್ಲ, ಗೇಟಿಗೆ ಒಂದು ಕಾಲು ಹೆಚ್ಚು ಬೇಕಾಗುತ್ತದೆ. ಮುಂದೆ ಹೇಳುವ ಚಿಟಿಕೆಯ ತೊಂದರೆಯೂ ಅಲ್ಲಿಂದಲೇ ಹುಟ್ಟಬಹುದು.

```
G = A1·B1' + A0·B1'·B0' + A1·A0·B0'
L = A1'·B1 + A1'·A0'·B0 + A0'·B1·B0
```

E ಗೆ ನಕ್ಷೆ ಬರೆದರೆ ನಾಲ್ಕು ಒಂದುಗಳು ಕರ್ಣದಲ್ಲಿ ಮೂಲೆಯಿಂದ ಮೂಲೆಗೆ ಕೂರುತ್ತವೆ. ಯಾವುದಕ್ಕೂ ನೆರೆಯಿಲ್ಲ, ಒಂದನ್ನೂ ಕುಗ್ಗಿಸಲು ಬರುವುದಿಲ್ಲ. ಹಾಗಾಗಿ ಪಠ್ಯಕ್ರಮದಲ್ಲಿ ಮೇಲಿನ ಬಿಟ್‌ಗಳಿಗೆ ಒಂದು ಎಕ್ಸ್‌ನಾರ್, ಕೆಳಗಿನವಕ್ಕೆ ಇನ್ನೊಂದು, ಎರಡನ್ನೂ ಒಂದು ಆ್ಯಂಡ್‌ಗೆ ಕೊಡಿ ಎನ್ನುತ್ತಾರೆ.

ಲ್ಯಾಬಿನಲ್ಲಿ ಇಲ್ಲಿಗೆ ನಿಲ್ಲಿಸಿ ಜೋಡಿಸಲು ಹೇಳಿದ್ದರಂತೆ. ಈಗ ಐಸಿ ಲೆಕ್ಕ ಹಾಕಿ. ನಾಟ್ ಗೇಟಿಗೆ ಒಂದು 7404. ಎರಡು ಕಾಲಿನ ಆ್ಯಂಡ್‌ಗೆ ಒಂದು 7408. ಮೂರು ಕಾಲಿನ ಆ್ಯಂಡ್ ನಾಲ್ಕು ಬೇಕು, ಒಂದು 7411 ರಲ್ಲಿ ಇರುವುದು ಮೂರೇ, ಆದ್ದರಿಂದ ಎರಡು 7411. ಆರ್ ಗೇಟಿಗೆ 7432. ಎಕ್ಸ್‌ನಾರ್ ಬದಲು 7486 ರ ಎಕ್ಸ್‌ಆರ್‌ಗೆ ನಾಟ್ ಸೇರಿಸಿಕೊಳ್ಳಬೇಕು. ಒಟ್ಟು ಆರು ಐಸಿ. ಕೆ-ಮ್ಯಾಪ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಆದರೆ ಅದು ಒಂದು ಔಟ್‌ಪುಟ್‌ಗೆ ಎರಡು ಹಂತದ ಸೂತ್ರವನ್ನು ಮಾತ್ರ ಸಣ್ಣದು ಮಾಡುತ್ತದೆ. ಮೂರು ಔಟ್‌ಪುಟ್‌ಗಳು ಒಂದೇ ಮನೆಯಲ್ಲಿ ಇದ್ದು ಪಾತ್ರೆ ಹಂಚಿಕೊಳ್ಳಬಹುದು ಎಂಬುದು ನಕ್ಷೆಗೆ ಕಾಣುವುದಿಲ್ಲ.

## ಹಂಚಿಕೊಳ್ಳುವುದು

ಮೊದಲ ಉಳಿತಾಯ ಸುಲಭದ್ದು. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ ಎಂದರೆ ಸಮವೇ. ಟೇಬಲ್‌ನ ಪ್ರತಿ ಸಾಲಿನಲ್ಲಿ ಒಂದೇ 1 ಎಂದು ಆಗಲೇ ಎಣಿಸಿದ್ದೇವಲ್ಲ. ಹಾಗಾಗಿ `E = G'·L'`. ಎಕ್ಸ್‌ಆರ್ ಐಸಿಯೇ ಬೇಡ.

ಎರಡನೆಯದಕ್ಕೆ ಸ್ವಲ್ಪ ಕೂತು ನೋಡಬೇಕು. G ಯ ಕೊನೆಯ ಎರಡು ಪದಗಳಲ್ಲಿ `A0·B0'` ಸಾಮಾನ್ಯ. ಹೊರಗೆ ತೆಗೆದರೆ:

```
G = A1·B1' + A0·B0'·(A1 + B1')
```

ಆವರಣದೊಳಗಿನ `A1 + B1'` ಗೆ ಡಿ ಮಾರ್ಗನ್ ನಿಯಮ ಹಚ್ಚಿ. ಅದು `(A1'·B1)'` ಆಗುತ್ತದೆ. ಈ `A1'·B1` ಅನ್ನು ಎಲ್ಲೋ ನೋಡಿದ ಹಾಗಿದೆಯಲ್ಲ? L ನ ಮೊದಲ ಪದ ಅದೇ. ಅಂದರೆ L ಗೆ ಹೇಗೂ ಮಾಡಲೇಬೇಕಾದ ಗೇಟಿನ ವಿರುದ್ಧ ಬೆಲೆಯೇ G ಗೆ ಬೇಕಾಗಿರುವುದು. ಮೇಲಿನ ಬಿಟ್‌ನಲ್ಲಿ A ದೊಡ್ಡದು ಎನ್ನುವುದನ್ನು g1, ಚಿಕ್ಕದು ಎನ್ನುವುದನ್ನು l1, ಕೆಳಗಿನ ಬಿಟ್‌ಗೆ ಅದೇ ರೀತಿ g0, l0 ಎಂದು ಕರೆದರೆ:

```
g1 = A1·B1'     l1 = A1'·B1
g0 = A0·B0'     l0 = A0'·B0

G = g1 + l1'·g0
L = l1 + g1'·l0
```

ಇದನ್ನು ಮಾತಿನಲ್ಲಿ ಓದಿ. ಅಡಿಕೆ ದರ ಹೋಲಿಸುವಾಗ ಕ್ವಿಂಟಲಿಗೆ 52,100 ಮತ್ತು 47,900 ಎಂದರೆ ಹಿಂದಿನ ಅಂಕಿ ಯಾರೂ ನೋಡುವುದಿಲ್ಲ, ಮೊದಲ ಅಂಕಿಗೇ ತೀರ್ಮಾನ. ಇಲ್ಲೂ ಹಾಗೇ. ಮೇಲಿನ ಬಿಟ್ 'ದೊಡ್ಡದು' ಎಂದರೆ ಮುಗಿಯಿತು. ಅದು 'ಚಿಕ್ಕದು' ಎಂದು ಹೇಳಿಲ್ಲದಿದ್ದರೆ ಮಾತ್ರ ಕೆಳಗಿನ ಬಿಟ್‌ನ ಮಾತಿಗೆ ಬೆಲೆ.

ಬಹಳ ಕಡೆ ಇದೇ ಜಾಗದಲ್ಲಿ `G = g1 + e1·g0` ಎಂದಿರುತ್ತದೆ, e1 ಎಂದರೆ ಮೇಲಿನ ಬಿಟ್‌ಗಳು ಸಮ. ಲಾಜಿಕ್ ಒಂದೇ, ಟೇಬಲ್‌ಗೆ ಎರಡೂ ಸರಿ ಹೊಂದುತ್ತವೆ. ಆದರೂ ನಾನು l1' ರೂಪವನ್ನೇ ಹಿಡಿಯುತ್ತೇನೆ. ಒಂದು, e1 ಗೆಂದು ಬೇರೆ ಗೇಟ್ ಬೇಡ. ಎರಡನೆಯ ಕಾರಣಕ್ಕೆ ಒಂದು ಸಂದರ್ಭ ನೋಡಿ. A = 11, B = 10 ಇದ್ದದ್ದು B = 00 ಆಯಿತು ಎನ್ನಿ. ಬದಲಾದದ್ದು B1 ಒಂದೇ, G ಮೊದಲೂ 1, ಆಮೇಲೂ 1. e1 ರೂಪದಲ್ಲಿ ಮೊದಲು G ಯನ್ನು ಹಿಡಿದಿದ್ದದ್ದು e1·g0, ಆಮೇಲೆ ಹಿಡಿಯಬೇಕಾದದ್ದು g1. ಒಬ್ಬ ಕೈ ಬಿಟ್ಟು ಇನ್ನೊಬ್ಬ ಹಿಡಿಯುವಷ್ಟರಲ್ಲಿ G ಕೆಲವು ನ್ಯಾನೊಸೆಕೆಂಡ್ 0 ಕ್ಕೆ ಬೀಳಬಹುದು. l1' ರೂಪದಲ್ಲಿ A1 = 1 ಇರುವಷ್ಟು ಹೊತ್ತೂ l1' ಅಲುಗದೆ 1 ಆಗಿಯೇ ಇರುತ್ತದೆ, ಹಾಗಾಗಿ G ಬೀಳುವುದಿಲ್ಲ. ಕೆ-ಮ್ಯಾಪ್‌ನಲ್ಲಿ ಅಂಚು ಸುತ್ತಿ ಹಿಡಿದ ಆ ಜೋಡಿಯ ಫಲ ಇದು. ಎಲ್‌ಇಡಿ ಉರಿಸುವಾಗ ಈ ಚಿಟಿಕೆ ಕಣ್ಣಿಗೆ ಕಾಣುವುದಿಲ್ಲ. G ಹೋಗಿ ಸೇರುವುದು ಲ್ಯಾಚಿಗೋ ಕೌಂಟರಿಗೋ ಆದರೆ ಅದಕ್ಕೆ ಖಂಡಿತ ಕಾಣುತ್ತದೆ.

## ಎಲ್ಲವನ್ನೂ ನ್ಯಾಂಡ್‌ಗೆ ತಿರುಗಿಸುವುದು

ಆ್ಯಂಡ್‌ಗಳ ಉತ್ತರ ಒಂದು ಆರ್‌ಗೆ ಹೋಗುವಂತಿದ್ದರೆ ಎರಡೂ ಜಾಗಕ್ಕೆ ನ್ಯಾಂಡ್ ಹಾಕಿದರೂ ಉತ್ತರ ಅದೇ. ನಮ್ಮ ಸೂತ್ರಕ್ಕೆ ಇದು ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ, ಏಕೆಂದರೆ g1 ಮತ್ತು l1 ಗಳ ವಿರುದ್ಧ ಬೆಲೆಯೇ ನಮಗೆ ಬೇಕು, ನ್ಯಾಂಡ್ ಕೊಡುವುದೂ ಅದನ್ನೇ.

```
g1' = NAND(A1, B1')
l1' = NAND(A1', B1)
p   = NAND(A0, B0', l1')
q   = NAND(B0, A0', g1')
G   = NAND(g1', p)
L   = NAND(l1', q)
E'  = NAND(G', L')
```

ಎರಡು ಕಾಲಿನ ನ್ಯಾಂಡ್ ನಾಲ್ಕು: g1', l1', G, L. ಒಂದು 7400 ರಲ್ಲಿ ಇರುವುದು ಸರಿಯಾಗಿ ನಾಲ್ಕು. ಮೂರು ಕಾಲಿನದ್ದು p, q, ಜೊತೆಗೆ E' ಗೆ ಒಂದು. ಒಂದು 7410 ರಲ್ಲಿ ಸರಿಯಾಗಿ ಮೂರು. ನಾಟ್ ಆರು: ನಾಲ್ಕು ಇನ್‌ಪುಟ್‌ಗೆ, ಮತ್ತೆ G, L ಗೆ. 7404 ರಲ್ಲಿ ಸರಿಯಾಗಿ ಆರು. ಮೂರೂ ಐಸಿಯಲ್ಲಿ ಒಂದು ಗೇಟೂ ಖಾಲಿ ಇಲ್ಲ. ಇಂಥದ್ದು ಕಾಗದದ ಮೇಲೆ ಕೂಡಿ ಬಂದಾಗ ಆಗುವ ಖುಷಿ ಬೇರೆ, ಅದನ್ನು ಮುಚ್ಚಿಡುವುದೇಕೆ.

E ನೇರವಾಗಿ ಸಿಗದೆ E' ಆಗಿ ಸಿಕ್ಕಿತಲ್ಲ ಎಂದು ಚಿಂತೆ ಬೇಡ. ನಾವು ಹಾಕಿದ 74LS, ಅಂದರೆ ಎಲ್‌ಎಸ್ ಜಾತಿಯ ಐಸಿಗಳು ಕರೆಂಟನ್ನು ಹೊರಗೆ ತಳ್ಳುವುದಕ್ಕಿಂತ ಒಳಗೆ ಎಳೆದುಕೊಳ್ಳುವುದರಲ್ಲಿ ಗಟ್ಟಿ. ಔಟ್‌ಪುಟ್ 1 ಇದ್ದಾಗ 0.4 ಮಿಲಿ ಆಂಪಿಯರ್ ಮಾತ್ರ ಭರವಸೆ, 0 ಇದ್ದಾಗ 8 ಮಿಲಿ ಆಂಪಿಯರ್ ಎಳೆಯಬಲ್ಲವು. ಆದ್ದರಿಂದ ಎಲ್‌ಇಡಿಯನ್ನು 5 ವೋಲ್ಟ್‌ನಿಂದ 470 ಓಮ್ ರೆಸಿಸ್ಟರ್ ಮೂಲಕ ತಂದು ಔಟ್‌ಪುಟ್‌ಗೆ ಕಟ್ಟಿ, 0 ಬಂದಾಗ ಉರಿಯುವ ಹಾಗೆ. ಸುಮಾರು ಐದೂವರೆ ಮಿಲಿ ಆಂಪಿಯರ್ ಹರಿಯುತ್ತದೆ, ಬೆಳಕು ಚೆನ್ನಾಗಿರುತ್ತದೆ. E' ಹೇಗೂ ಇದೆ, G' ಮತ್ತು L' ಗಳು 7404 ರ ಕಾಲಿನಲ್ಲೇ ಇವೆ. ಮೂರು ಎಲ್‌ಇಡಿಯನ್ನೂ ಒಂದೇ ರೀತಿ ಕಟ್ಟಬಹುದು.

## ಕಾಲು ನೋಡಿ ಜೋಡಿಸುವುದು

ಮೂರೂ ಹದಿನಾಲ್ಕು ಕಾಲಿನವು. 14 ಕ್ಕೆ 5 ವೋಲ್ಟ್, 7 ಕ್ಕೆ ನೆಲ. U1 ಎಂದರೆ 74LS04, U2 74LS00, U3 74LS10. ಬಾಣದ ಎಡಕ್ಕೆ ಗೇಟಿನ ಒಳಬರುವ ಕಾಲು, ಬಲಕ್ಕೆ ಹೊರಹೋಗುವ ಕಾಲು.

```
U1  1:A1 -> 2:A1'     3:B1 -> 4:B1'
    5:A0 -> 6:A0'     9:B0 -> 8:B0'
    11:G -> 10:G'     13:L -> 12:L'

U2  1:A1   2:B1'         -> 3:g1'
    4:A1'  5:B1          -> 6:l1'
    9:g1'  10:p          -> 8:G
    12:l1' 13:q          -> 11:L

U3  1:A0   2:B0'  13:l1' -> 12:p
    3:B0   4:A0'  5:g1'  -> 6:q
    9:G'   10:L'  11:L'  -> 8:E'
```

U3 ಯ 11 ನೇ ಕಾಲು ಹೆಚ್ಚಿನದು, ಅದನ್ನು ಪಕ್ಕದ 10 ಕ್ಕೇ ಸೇರಿಸಿದ್ದೇವೆ. 7410 ರ ಮೊದಲ ಗೇಟನ್ನು ಗಮನಿಸಿ: ಎರಡು ಕಾಲು 1, 2 ರಲ್ಲಿ, ಮೂರನೆಯದು ಎದುರು ಸಾಲಿನ 13 ರಲ್ಲಿ, ಉತ್ತರ 12 ರಲ್ಲಿ. ಇದೊಂದೇ ಗೇಟ್ ಐಸಿಯ ಎರಡೂ ದಡದಲ್ಲಿ ಕಾಲಿಟ್ಟಿದೆ. ಕೈ ತಪ್ಪುವುದು ಇಲ್ಲೇ.

ಇನ್‌ಪುಟ್ ಸ್ವಿಚ್ ಬಗ್ಗೆ ಒಂದು ಮಾತು. ಬಹಳ ಮಕ್ಕಳು 10 ಕಿಲೊಓಮ್ ರೆಸಿಸ್ಟರನ್ನು ನೆಲಕ್ಕೆ ಕಟ್ಟಿ, ಸ್ವಿಚ್ ಒತ್ತಿದರೆ 5 ವೋಲ್ಟ್ ಬರುವ ಹಾಗೆ ಮಾಡುತ್ತಾರೆ. ಎಲ್‌ಎಸ್ ಐಸಿಗೆ ಅದು ಆಗುವುದಿಲ್ಲ. ಅದರ ಇನ್‌ಪುಟ್ ಕಾಲಿನಿಂದಲೇ ಸ್ವಲ್ಪ ಕರೆಂಟ್ ಹೊರಬರುತ್ತದೆ, ಅಷ್ಟು ದೊಡ್ಡ ರೆಸಿಸ್ಟರ್ ಇದ್ದರೆ ಕಾಲು 0.8 ವೋಲ್ಟ್‌ಗಿಂತ ಕೆಳಗೆ ಇಳಿಯದೆ 0 ಎಂದು ಓದಿಸಿಕೊಳ್ಳುವುದಿಲ್ಲ. ಉಲ್ಟಾ ಕಟ್ಟಿ: 4.7 ಕಿಲೊಓಮ್ 5 ವೋಲ್ಟ್‌ಗೆ, ಸ್ವಿಚ್ ನೆಲಕ್ಕೆ. ಸ್ವಿಚ್ ಹಾಕಿದರೆ 0, ಬಿಟ್ಟರೆ 1.

## ಮೊದಲು ಪರೀಕ್ಷಿಸಬೇಕಾದ ಸಾಲು

ಜೋಡಿಸಿದ ಮೇಲೆ ಹುಡುಗಿ ನಾಲ್ಕಾರು ಸಾಲು ನೋಡಿದಳು. 0 ಕ್ಕೆ 0, 3 ಕ್ಕೆ 1, 2 ಕ್ಕೆ 3, 3 ಕ್ಕೆ 3. ಎಲ್ಲ ಸರಿ. "ಆಯ್ತು ದೊಡ್ಡಪ್ಪ" ಎಂದು ಎದ್ದಳು. "ಕೂತ್ಕೊ ಮಾರಾಯ್ತಿ, A ಗೆ ಒಂದು, B ಗೆ ಎರಡು ಇಡು" ಅಂದೆ. ಇಟ್ಟಳು. G ಮತ್ತು L ಎರಡೂ ಎಲ್‌ಇಡಿ ಒಟ್ಟಿಗೆ ಉರಿದವು. ಒಂದು ಎರಡಕ್ಕಿಂತ ದೊಡ್ಡದೂ ಹೌದು, ಚಿಕ್ಕದೂ ಹೌದು!

ಹದಿನಾರು ಸಾಲಿನಲ್ಲಿ ಹದಿನೈದು ಸರಿ, ಇದೊಂದೇ ತಪ್ಪು. ಮಲ್ಟಿಮೀಟರ್ ಇಟ್ಟು ನೋಡಿದರೆ U3 ಯ 13 ನೇ ಕಾಲಿಗೆ U2 ನಿಂದ l1' ಬಂದಿರಲೇ ಇಲ್ಲ. ವೈರು ಚುಚ್ಚಿತ್ತು. ಆದರೆ ಕಾರವಾರದ ಉಪ್ಪುಗಾಳಿಯಲ್ಲಿ ಒಂದು ವರ್ಷ ಬಿದ್ದಿದ್ದ ಆ ಜಂಪರ್ ವೈರಿನ ತುದಿ ಕಪ್ಪಾಗಿ, ಬೋರ್ಡಿನ ಕ್ಲಿಪ್ಪಿಗೆ ತಾಗುತ್ತಿರಲಿಲ್ಲ. ಎಲ್‌ಎಸ್ ಐಸಿಯಲ್ಲಿ ಗಾಳಿಯಲ್ಲಿ ತೇಲುವ ಕಾಲು 1 ಎಂದೇ ನಡೆದುಕೊಳ್ಳುತ್ತದೆ. ಹಾಗಾಗಿ l1' ಸದಾ 1 ಎಂದು p ಗೆ ಅನಿಸಿತು, ಮೇಲಿನ ಬಿಟ್ 'ಚಿಕ್ಕದು' ಎಂದಾಗಲೂ ಕೆಳಗಿನ ಬಿಟ್ ಬಾಯಿ ಹಾಕಿತು. ಮೇಲಿನದು ಚಿಕ್ಕದು, ಕೆಳಗಿನದು ದೊಡ್ಡದು ಎಂದು ಎರಡೂ ಬಿಟ್ ಎದುರೆದುರು ನಿಲ್ಲುವ ಸಾಲು A = 01, B = 10 ಒಂದೇ. g1' ವೈರು ಹೋದರೆ ಇದೇ ಜಗಳ A = 10, B = 01 ರಲ್ಲಿ ಕಾಣುತ್ತದೆ.

ಇನ್ನೊಂದು ತಪ್ಪೂ ಈ ಎರಡು ಸಾಲಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. A ಯಲ್ಲೂ B ಯಲ್ಲೂ ಮೇಲಿನ ಬಿಟ್ ಮತ್ತು ಕೆಳಗಿನ ಬಿಟ್ ಅದಲುಬದಲಾದರೆ 0 ಮತ್ತು 3 ಬದಲಾಗುವುದಿಲ್ಲ, 1 ಇದ್ದದ್ದು 2, 2 ಇದ್ದದ್ದು 1 ಆಗುತ್ತದೆ. ಒಂದನ್ನೂ ಎರಡನ್ನೂ ಹೋಲಿಸುವವರೆಗೆ ಅದು ಗೊತ್ತೇ ಆಗದು. ಆದ್ದರಿಂದ ನನ್ನ ಕ್ರಮ: ಮೊದಲು 1 ಕ್ಕೆ 2, ನಂತರ 2 ಕ್ಕೆ 1, ಆಮೇಲೆ ನಾಲ್ಕು ಸಮದ ಸಾಲು, ಕೊನೆಗೆ ಉಳಿದ ಹತ್ತು. ಸಮದ ಸಾಲಿನಲ್ಲಿ ಒಂದೂ ಎಲ್‌ಇಡಿ ಉರಿಯದಿದ್ದರೆ U3 ಯ ಮೂರನೇ ಗೇಟ್ ಅಥವಾ ಅದರ ಎಲ್‌ಇಡಿ ನೋಡಿ. ಎರಡು ಒಟ್ಟಿಗೆ ಉರಿದರೆ l1', g1' ವೈರು ನೋಡಿ.

74HC ಜಾತಿಯ ಐಸಿ ಹಾಕಿದ್ದರೆ ತೇಲುವ ಕಾಲು ಹೀಗೆ ಒಂದೇ ಕಡೆ ವಾಲುವುದಿಲ್ಲ. ಕೈ ಹತ್ತಿರ ತಂದರೆ ಒಂದು, ತೆಗೆದರೆ ಇನ್ನೊಂದು. ಆ ಗುರುತು ಸಿಕ್ಕರೆ ಕಡಿದ ವೈರು ಹುಡುಕುವುದು ಇನ್ನೂ ಸುಲಭ.

## ಟ್ಯಾಂಕಿಗೆ ಕಟ್ಟಿದಾಗ

ಇಷ್ಟಾದ ಮೇಲೆ G ಯಿಂದ ಟ್ರಾನ್ಸಿಸ್ಟರ್, ಅದರಿಂದ ರಿಲೇ, ರಿಲೇಯಿಂದ ಸ್ಟಾರ್ಟರ್ ಎಂದು ಓಡಬೇಡಿ. ಕಂಪ್ಯಾರೇಟರ್‌ಗೆ ನೆನಪಿಲ್ಲ. ನೀರು ಮಟ್ಟ ತಿಳಿಸುವ ಫ್ಲೋಟ್‌ನ ಅಂಚಿನಲ್ಲಿ ಕುಲುಕಿದಾಗಲೆಲ್ಲ G ಬರುತ್ತದೆ, ಹೋಗುತ್ತದೆ. ಪಂಪು ಗಳಿಗೆಗೊಮ್ಮೆ ಚಾಲೂ, ಬಂದ್. ರಿಲೇಯ ಕಾಂಟ್ಯಾಕ್ಟ್ ಸುಟ್ಟು ನನ್ನ ಮೇಜಿಗೆ ಬರುವುದು ಹೀಗೆಯೇ.

ಇದಕ್ಕೆ ಮೂರನೆಯ ಉತ್ತರವಾದ E ಯೇ ಔಷಧ. A ದೊಡ್ಡದಾದಾಗ ಪಂಪು ಚಾಲೂ ಆಗಲಿ, A ಚಿಕ್ಕದಾದಾಗ ಬಂದ್ ಆಗಲಿ, ಸಮ ಇದ್ದಾಗ ಹಿಂದೆ ಇದ್ದದ್ದೇ ಮುಂದುವರಿಯಲಿ. ಇನ್ನೊಂದು 7400 ರ ಎರಡು ನ್ಯಾಂಡ್‌ನಿಂದ ಲ್ಯಾಚ್ ಮಾಡಿ. ನ್ಯಾಂಡ್ ಲ್ಯಾಚಿಗೆ 0 ಬಂದಾಗ ಎಚ್ಚರವಾಗುವ ಸಂಜ್ಞೆ ಬೇಕು, ಅದು G', L' ಆಗಿ ನಮ್ಮಲ್ಲಿ ಸಿದ್ಧವಾಗಿದೆ.

```
Q  = NAND(G', Qn)
Qn = NAND(L', Q)
```

Q ಪಂಪಿಗೆ. A ಯನ್ನು 3 ಕ್ಕೆ ಮಾತ್ರ ಇಡಬೇಡಿ. B ಗೆ 3 ಕ್ಕಿಂತ ಮೇಲೆ ಹೋಗಲು ದಾರಿಯಿಲ್ಲ, L ಎಂದೂ ಬರುವುದಿಲ್ಲ, ಪಂಪು ನಿಲ್ಲುವುದಿಲ್ಲ, ಮಾಳಿಗೆಯಿಂದ ನೀರು ಅಂಗಳಕ್ಕೆ ಸುರಿಯುತ್ತದೆ. 2 ಕ್ಕೆ ಇಟ್ಟರೆ 1 ಕ್ಕೆ ಇಳಿದಾಗ ಚಾಲೂ, 3 ಕ್ಕೆ ಏರಿದಾಗ ಬಂದ್.

ನಾವು ಹಾಗೆ ಕಟ್ಟಿ, ಪಂಪಿನ ಬದಲು ಒಂದು ಬಲ್ಬ್ ಹಾಕಿ, ಫ್ಲೋಟ್‌ಗಳನ್ನು ಬಕೆಟ್‌ನಲ್ಲಿ ಬಿಟ್ಟು ನೀರು ಹಾಕಿದೆವು. ಬಲ್ಬು ಮೂರನೇ ಫ್ಲೋಟ್‌ಗೆ ಆರಬೇಕಿತ್ತು, ಎರಡನೆಯದಕ್ಕೇ ಆರಿತು. ಟೇಬಲ್ ಸರಿ, ಹದಿನಾರೂ ಸಾಲು ಸರಿ. ತಪ್ಪಿದ್ದದ್ದು ಸಾಲುಗಳ ನಡುವೆ. ಕೆಳಗಿನಿಂದ ಮೇಲಕ್ಕೆ ಇರುವ ಮೂರು ಫ್ಲೋಟ್ f1, f2, f3 ಗಳಿಂದ ನಾವು B ಯನ್ನು ಹೀಗೆ ಮಾಡಿದ್ದೆವು:

```
B1 = f2
B0 = f3 + f1·f2'
```

ಮಟ್ಟ 1 ರಿಂದ 2 ಕ್ಕೆ ಏರುವಾಗ B ಯು 01 ರಿಂದ 10 ಆಗಬೇಕು, ಎರಡು ಬಿಟ್ ಒಟ್ಟಿಗೆ ಬದಲಾಗಬೇಕು. f2 ಬಂದ ತಕ್ಷಣ B1 ಏರುತ್ತದೆ, B0 ಮಾತ್ರ ಮೂರು ಗೇಟ್ ದಾಟಿ ಹಿಂದಿನಿಂದ ಇಳಿಯುತ್ತದೆ. ಆ ನಡುವಿನ ಕೆಲವು ಹತ್ತು ನ್ಯಾನೊಸೆಕೆಂಡ್ B = 11, ಅಂದರೆ 3. A ಯು 2 ಇದೆ, ಹಾಗಾಗಿ L ಒಂದು ಚಿಟಿಕೆ ಬಂದು ಹೋಯಿತು, ಲ್ಯಾಚ್ ಅದನ್ನೇ ಹಿಡಿದು ಬಂದ್ ಮಾಡಿತು. ಎಲ್‌ಇಡಿಯಲ್ಲಿ ಇದು ಕಾಣಲು ಸಾಧ್ಯವೇ ಇರಲಿಲ್ಲ.

ಪರಿಹಾರ ಕೆ-ಮ್ಯಾಪ್‌ನ ಅಂಚಿನಲ್ಲೇ ಬರೆದಿದೆ. ಮಟ್ಟಗಳನ್ನು 00, 01, 11, 10 ಎಂಬ ಕ್ರಮದಲ್ಲಿ ಹೆಸರಿಸಿದರೆ ಪ್ರತಿ ಹೆಜ್ಜೆಗೂ ಒಂದೇ ಬಿಟ್ ಬದಲಾಗುತ್ತದೆ, ನಡುವೆ ಸುಳ್ಳು ಸಂಖ್ಯೆ ಹುಟ್ಟುವುದಿಲ್ಲ. ಗ್ರೇ ಕೋಡ್ ಎಂದು ಹೆಸರು. A, B ಎರಡನ್ನೂ ಹಾಗೆ ಬರೆದು G ಗೆ ಮತ್ತೆ ನಕ್ಷೆ ಹಾಕಿದೆವು. ಒಂದುಗಳು ಕರ್ಣದ ಕೆಳಗೆ ಅಚ್ಚುಕಟ್ಟಾದ ಮೆಟ್ಟಿಲಾಗಿ ಕೂತವು.

```
          B1B0
A1A0    00  01  11  10
 00      0   0   0   0
 01      1   0   0   0
 11      1   1   0   0
 10      1   1   1   0

G = A1·B1' + A0·B1'·B0' + A1·A0'·B0
```

ಪದ ಮೂರೇ, ಕೊನೆಯದರಲ್ಲಿ ಮಾತ್ರ A0, B0 ಗಳ ಗೆರೆ ಅದಲುಬದಲಾಗಿದೆ. `A0·B0'` ಎಂದು ಹೊರಗೆ ತೆಗೆಯುವ ಉಪಾಯ ಇನ್ನು ನಡೆಯುವುದಿಲ್ಲ, ಆದ್ದರಿಂದ ಮೂರು ಐಸಿಯ ಲೆಕ್ಕವೂ ಕೆಡುತ್ತದೆ. ಎಷ್ಟಕ್ಕೆ ನಿಲ್ಲುತ್ತದೆ ಎಂದು ಹುಡುಗಿ ಕಾರವಾರದ ಬಸ್ಸಿನಲ್ಲಿ ಕೂತು ಲೆಕ್ಕ ಹಾಕುತ್ತೇನೆಂದು ಹೋದಳು. ಜಂಪರ್ ವೈರಿನ ತುದಿಗಳನ್ನು ಮರಳು ಕಾಗದದಲ್ಲಿ ಉಜ್ಜಿ ಕೊಟ್ಟೆ.